ನೋವು ಮಂಡಿಯಲ್ಲಿ, ಜಾರಿದ್ದು ಸೊಂಟದಲ್ಲಿ

12–13 ವರ್ಷದ, ಮೈ ತುಂಬಿಕೊಂಡ ಹುಡುಗನೊಬ್ಬ ಕುಂಟಿಕೊಂಡು ಬಂದು ಮಂಡಿ ನೋವು ಅಂದರೆ ಎಲ್ಲರ ಕಣ್ಣೂ ಮೊದಲು ಅವನ ತೂಕದ ಮೇಲೆ ಬೀಳುತ್ತದೆ. "ಇಷ್ಟು ಭಾರ ಹೊತ್ತರೆ ಮಂಡಿ ನೋಯದೆ ಇರುತ್ತದೆಯೇ" ಎಂದು ಮನೆಯವರು ಅನ್ನುತ್ತಾರೆ, ನೆಂಟರು ಅನ್ನುತ್ತಾರೆ, ಎಷ್ಟೋ ಸಲ ಡಾಕ್ಟರೂ ಅನ್ನುತ್ತಾರೆ. ಬೆಳಿಗ್ಗೆ ಎಬ್ಬಿಸಿ ವಾಕಿಂಗ್ ಮಾಡಿಸಿ, ಸ್ಕಿಪ್ಪಿಂಗ್ ಆಡಿಸಿ, ಅನ್ನ ಕಡಿಮೆ ಮಾಡಿ ಎಂಬ ಸಲಹೆಯೊಂದಿಗೆ ನೋವಿನ ಮಾತ್ರೆಯ ಚೀಟಿ ಕೈಗೆ ಬರುತ್ತದೆ. ಈ ವಯಸ್ಸಿನ ಮಕ್ಕಳಲ್ಲಿ ಒಂದು ಕಾಯಿಲೆಯಿದೆ. ಅದರಲ್ಲಿ ನೋಯುವುದು ಮಂಡಿ, ಕೆಟ್ಟಿರುವುದು ಸೊಂಟದ ಕೀಲು. ಆ ಕಾಯಿಲೆ ಇದ್ದಾಗ ಮೇಲಿನ ಸಲಹೆಯಷ್ಟು ಹಾನಿ ಮಾಡುವುದು ಬೇರೆ ಇಲ್ಲ, ಏಕೆಂದರೆ ನಡೆಸಿದಷ್ಟೂ ಅದು ಹೆಚ್ಚುತ್ತದೆ.

ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇದೆ. ಅದು ಸೊಂಟದ ಎಲುಬಿನ ಗುಳಿಯೊಳಗೆ ಕೂತು ತಿರುಗುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ಗುಂಡಿಗೂ ಅದರ ಕೆಳಗಿನ ಮೂಳೆಯ ಕತ್ತಿಗೂ ನಡುವೆ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ. ಮೂಳೆ ಉದ್ದವಾಗುವುದು ಈ ಪದರದಿಂದಲೇ. ಡಾಕ್ಟರುಗಳು ಅದನ್ನು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಇಲ್ಲಿ ಬೆಳವಣಿಗೆ ಪದರ ಎನ್ನೋಣ. ಬೆಳವಣಿಗೆ ನಿಂತ ಮೇಲೆ ಅದು ಗಟ್ಟಿ ಮೂಳೆಯಾಗಿ ಬೆಸೆದುಕೊಳ್ಳುತ್ತದೆ. ಅಲ್ಲಿಯವರೆಗೆ ತೊಡೆಮೂಳೆಯ ಆ ಭಾಗದಲ್ಲಿ ಅತ್ಯಂತ ದುರ್ಬಲವಾದ ಜಾಗ ಅದೇ.

ಮಕ್ಕಳು ದಿಢೀರನೆ ಉದ್ದವಾಗುವ ವಯಸ್ಸಿನಲ್ಲಿ ಈ ಪದರ ಇನ್ನಷ್ಟು ಸಡಿಲವಾಗಿರುತ್ತದೆ, ಜೊತೆಗೆ ಮೊದಲಿಗಿಂತ ಓರೆಯಾಗಿ ನಿಂತಿರುತ್ತದೆ. ಮೈಭಾರ ಮೇಲಿನಿಂದ ನೇರವಾಗಿ ಅದುಮುವ ಬದಲು ಪದರವನ್ನು ಪಕ್ಕಕ್ಕೆ ತಳ್ಳತೊಡಗುತ್ತದೆ. ತೂಕ ಹೆಚ್ಚಿದಷ್ಟೂ ಆ ತಳ್ಳುವಿಕೆ ಹೆಚ್ಚು. ಒಂದು ಹಂತದಲ್ಲಿ ಪದರ ಸೋಲುತ್ತದೆ, ಗುಂಡೂ ಕತ್ತೂ ಒಂದರ ಮೇಲೊಂದು ಜಾರುತ್ತವೆ. ಗುಂಡು ಜಾರಿತು ಎಂದು ಹೇಳುವುದು ರೂಢಿ. ವಾಸ್ತವದಲ್ಲಿ ಗುಂಡು ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಮುಚ್ಚಳವನ್ನು ಹಿಡಿದುಕೊಂಡಿರುವಾಗ ಕೆಳಗಿನ ಪಾತ್ರೆ ಜರುಗಿದಂತೆ, ಕತ್ತಿನ ಭಾಗವೇ ಮುಂದಕ್ಕೆ ಸರಿದು ಹೊರಕ್ಕೆ ತಿರುಗುತ್ತದೆ. ಕಾಲು ಆ ಕತ್ತಿಗೆ ಅಂಟಿಕೊಂಡಿರುವುದರಿಂದ ಅದೂ ಜೊತೆಯಲ್ಲೇ ಹೊರಕ್ಕೆ ತಿರುಗುತ್ತದೆ. ಹೊರಗೆ ಕಾಣುವ ಲಕ್ಷಣಗಳೆಲ್ಲ ಈ ಒಂದು ಜರುಗುವಿಕೆಯಿಂದ ಹುಟ್ಟಿದವು.

ಇದು ಹೆಚ್ಚಾಗಿ 9ರಿಂದ 15 ವರ್ಷದೊಳಗೆ ಬರುತ್ತದೆ. ಹುಡುಗರಲ್ಲಿ ಸುಮಾರು 12–13ರ ಆಸುಪಾಸು, ಹುಡುಗಿಯರಲ್ಲಿ ಒಂದು ವರ್ಷ ಮುಂಚೆ. ಹುಡುಗರಲ್ಲಿ ತುಸು ಹೆಚ್ಚು. ಹುಡುಗಿ ಮೈನೆರೆದ ಮೇಲೆ ಅಪರೂಪ, ಏಕೆಂದರೆ ಪದರ ಆಗ ಬೆಸೆಯುವ ಹಾದಿಯಲ್ಲಿರುತ್ತದೆ. ತೂಕದ ನಂಟು ಎಷ್ಟು ಬಲವಾದದ್ದು ಎಂಬುದನ್ನು ಸ್ಕಾಟ್ಲೆಂಡಿನ ಶಾಲಾ ಮಕ್ಕಳ ದಾಖಲೆಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 11–12ನೇ ವಯಸ್ಸಿನಲ್ಲಿ ತೀವ್ರ ಬೊಜ್ಜು ಇದ್ದ ಮಕ್ಕಳಿಗೆ, ಸಾಮಾನ್ಯ ತೂಕದವರಿಗೆ ಹೋಲಿಸಿದರೆ, ಈ ಕಾಯಿಲೆಯ ಸಂಭವ ಸುಮಾರು 17 ಪಟ್ಟು. ಹಾಗಾಗಿ ಕುಂಟುವ ಮಗುವಿನ ತೂಕ ಜಾಸ್ತಿ ಇದ್ದರೆ ಅದನ್ನು ನೋವಿಗೆ ಸಿಕ್ಕ ಉತ್ತರ ಎಂದು ತಿಳಿದು ಸುಮ್ಮನಾಗಬಾರದು. ಸೊಂಟ ನೋಡಿ ಎಂದು ಆ ತೂಕವೇ ಹೇಳುತ್ತಿರುತ್ತದೆ.

ಸೊಂಟ ಕೆಟ್ಟರೆ ಮಂಡಿ ಏಕೆ ನೋಯಬೇಕು? ಸೊಂಟದ ಕೀಲಿಗೆ ಹೋಗುವ ನರವೊಂದು ತೊಡೆಯ ಒಳಬದಿಯಲ್ಲಿ ಇಳಿದು ಮಂಡಿಗೂ ಕವಲು ಕೊಡುತ್ತದೆ. ಅದಕ್ಕೆ ಆಬ್ಟ್ಯುರೇಟರ್ ನರ ಎಂದು ಹೆಸರು. ಸೊಂಟದಲ್ಲಿ ಎದ್ದ ನೋವಿನ ಸುದ್ದಿ ಅದೇ ದಾರಿಯಲ್ಲಿ ಮಿದುಳಿಗೆ ಹೋದಾಗ, ಅದು ಸೊಂಟದಿಂದ ಬಂತೋ ಮಂಡಿಯಿಂದ ಬಂತೋ ಎಂದು ಮಿದುಳಿಗೆ ಬೇರ್ಪಡಿಸಲಾಗುವುದಿಲ್ಲ. ಹೃದಯಾಘಾತವಾದಾಗ ಎಡಗೈ ನೋಯುವುದೂ ಇದೇ ಬಗೆಯ ಗೊಂದಲ. ಮಗು ಸುಳ್ಳು ಹೇಳುತ್ತಿಲ್ಲ, ತಪ್ಪಾಗಿ ತೋರಿಸುತ್ತಲೂ ಇಲ್ಲ. ಅದಕ್ಕೆ ನಿಜಕ್ಕೂ ನೋವು ಮಂಡಿಯಲ್ಲೇ ಇದೆ. ಹೆಚ್ಚಿನ ಮಕ್ಕಳಿಗೆ ತೊಡೆಸಂದಿನಲ್ಲೋ ತೊಡೆಯಲ್ಲೋ ನೋವಿರುತ್ತದೆ. ಸುಮಾರು ಆರೇಳು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಮಂಡಿ ಅಥವಾ ಅದರ ಸ್ವಲ್ಪ ಮೇಲೆ ನೋವು. ಕಾಯಿಲೆ ತಪ್ಪಿಹೋಗುವುದು ಈ ಗುಂಪಿನಲ್ಲೇ ಜಾಸ್ತಿ, ಸಿಗುವ ಹೊತ್ತಿಗೆ ಹೆಚ್ಚು ಜಾರಿರುವುದೂ ಈ ಗುಂಪಿನಲ್ಲೇ. ಅಮೆರಿಕದಲ್ಲಿ 196 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲಕ್ಷಣ ಶುರುವಾಗಿ ರೋಗ ಗೊತ್ತಾಗುವವರೆಗಿನ ಅವಧಿಯ ಮಧ್ಯಾಂಕ 8 ವಾರ. ಎಲ್ಲ ಸೌಕರ್ಯವೂ ಇರುವ ಕಡೆಯ ಲೆಕ್ಕ ಇದು.

ಈ ತಡ ಹೇಗಾಗುತ್ತದೆ ಎಂಬುದಕ್ಕೆ ಒಬ್ಬ ಹುಡುಗನ ಪ್ರಸಂಗ ಹೇಳುತ್ತೇನೆ. ಇವನು ಯಾರೋ ಒಬ್ಬನೇ ಅಲ್ಲ, ಇಂಥ ಹಲವು ಮಕ್ಕಳ ಪ್ರಸಂಗಗಳನ್ನು ಒಂದಾಗಿಸಿ ಕಟ್ಟಿದವನು. ತಿಪಟೂರು ಕಡೆಯವನು, ಏಳನೇ ತರಗತಿ, ಹನ್ನೆರಡೂವರೆ ವರ್ಷ, ಎತ್ತರ 149 ಸೆಂಟಿಮೀಟರ್, ತೂಕ 66 ಕಿಲೊ. ಜೂನ್‌ನಲ್ಲಿ ಶಾಲೆ ಶುರುವಾಗಿ ಕೆಲವೇ ದಿನಕ್ಕೆ ಆಟದ ಪೀರಿಯಡ್ಡಿನ ನಂತರ ಎಡ ಮಂಡಿ ನೋವು ಎಂದ. ಬಿದ್ದಿರಲಿಲ್ಲ, ಪೆಟ್ಟು ತಾಗಿರಲಿಲ್ಲ. ಆಟ ತಪ್ಪಿಸಿಕೊಳ್ಳಲು ನೆವ ಎಂದು ಶಾಲೆಯಲ್ಲಿ ಗದರಿದರು. ಜುಲೈನಲ್ಲಿ ಊರಿನ ಕ್ಲಿನಿಕ್ಕಿನಲ್ಲಿ ಮಂಡಿಯ ಎಕ್ಸ್‌ರೇ ತೆಗೆಸಿದರು, ನಾರ್ಮಲ್ ಎಂದು ಬಂತು. ಮಂಡಿಗೆ ಕ್ಯಾಪ್ ಹಾಕಿಸಿ, ಐದು ದಿನದ ಮಾತ್ರೆ ಕೊಟ್ಟು, ತೂಕ ಇಳಿಸಲು ಹೇಳಿ ಕಳಿಸಿದರು. ಅಪ್ಪ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಸಿಕೊಂಡು ಹೋಗತೊಡಗಿದ. ಆಗಸ್ಟ್ ಹೊತ್ತಿಗೆ ಹುಡುಗ ಎಡಗಾಲನ್ನು ಹೊರಕ್ಕೆ ತಿರುಗಿಸಿಕೊಂಡು ಎಳೆದು ನಡೆಯುತ್ತಿದ್ದ. ಉಳುಕಿರಬೇಕು ಎಂದು ಅಜ್ಜಿ ಎಣ್ಣೆ ತಿಕ್ಕಿಸಿದಳು. ನೋವು ಒಂದು ವಾರ ಇಲ್ಲದಂತಾಗಿ ಮತ್ತೆ ಬಂತು. ಹೀಗೆ ಬಂದು ಹೋಗುವ ಗುಣ ಈ ಕಾಯಿಲೆಗೆ ಇದೆ. ಮನೆಯವರಿಗೆ ವಾಸಿಯಾಯಿತು ಅನ್ನಿಸುವುದೂ ಇದರಿಂದಲೇ.

ಸೆಪ್ಟೆಂಬರಿನಲ್ಲಿ ಅವನನ್ನು ನೋಡಿದ ಮೂಳೆ ಡಾಕ್ಟರು ಮೊದಲು ಕೇಳಿದ್ದು, "ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರ್ಸಪ್ಪ." ಹುಡುಗನಿಗೆ ಒಂದು ಜಾಗ ತೋರಿಸಲಾಗಲಿಲ್ಲ. ಮಂಡಿಯ ಮೇಲೆ, ತೊಡೆಯ ಒಳಬದಿಗೆಲ್ಲ ಅಂಗೈ ಆಡಿಸಿದ. ಮಂಡಿಯಲ್ಲಿ ಬಾವು ಇಲ್ಲ, ಬಿಸಿ ಇಲ್ಲ, ಎಲ್ಲಿ ಒತ್ತಿದರೂ ಚುರುಕ್ ಅನ್ನಲಿಲ್ಲ, ಪೂರ್ತಿ ಮಡಚಿ ಬಿಡಿಸಿದರೂ ನೋಯಲಿಲ್ಲ. ಆಟವಾಡುವ ಮಕ್ಕಳಲ್ಲಿ ಮಂಡಿಚಿಪ್ಪಿನ ಕೆಳಗಿನ ಗುಬ್ಬಿ ಊದಿ ನೋಯುವ ತೊಂದರೆ ಸಾಮಾನ್ಯ. ಅದಾಗಿದ್ದರೆ ಆ ಗುಬ್ಬಿ ಒತ್ತಿದಾಗ ಹುಡುಗ ಕಾಲು ಎಳೆದುಕೊಳ್ಳುತ್ತಿದ್ದ. ನೋವು ಮಂಡಿಯಲ್ಲಿ, ಮಂಡಿ ಮಾತ್ರ ಚೆನ್ನಾಗಿದೆ ಎಂದಾದಾಗ ನೋಡಬೇಕಾದ್ದು ಮೇಲಿನ ಕೀಲನ್ನು.

ಹುಡುಗನನ್ನು ಅಂಗಾತ ಮಲಗಿಸಿದಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಬಲಪಾದದ ಬೆರಳುಗಳು ಬಹುಪಾಲು ಮೇಲಕ್ಕೆ ನೋಡುತ್ತಿದ್ದವು, ಎಡಪಾದ ಮಂಚದ ಅಂಚಿನ ಕಡೆಗೆ ಬಿದ್ದುಕೊಂಡಿತ್ತು. ಡಾಕ್ಟರು ಮೊದಲು ಬಲಗಾಲಿನ ಮಂಡಿ ಮಡಚಿ, ತೊಡೆಯನ್ನು ನಿಧಾನಕ್ಕೆ ಹೊಟ್ಟೆಯ ಕಡೆಗೆ ಎತ್ತಿದರು. ಮಂಡಿ ನೇರವಾಗಿ ಬಲ ಭುಜದ ಕಡೆಗೆ ಬಂತು. ಎಡಗಾಲನ್ನೂ ಹಾಗೆಯೇ ಎತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಮಂಡಿ ತಾನಾಗಿಯೇ ಹೊರಕ್ಕೆ ಹೊರಳಿತು. ನೇರ ತರಲು ನೋಡಿದರೆ ಅಡ್ಡ ಸಿಕ್ಕಂತೆ ನಿಂತಿತು, ಹುಡುಗ ಮುಖ ಕಿವುಚಿದ. ಮುಂದಕ್ಕೆ ಜರುಗಿದ ಕತ್ತು ಗುಳಿಯ ಅಂಚಿಗೆ ತಾಗುವುದರಿಂದ ಕಾಲು ಹೊರಳದೆ ಮೇಲೇಳಲಾರದು. ಡ್ರೇಮನ್ ಚಿಹ್ನೆ ಎಂದು ಇದಕ್ಕೆ ಹೆಸರು. ಆಮೇಲೆ ಬೋರಲು ಮಲಗಿಸಿ, ಎರಡೂ ಮಂಡಿ ಮಡಚಿ ಪಾದ ಮೇಲೆತ್ತಿಸಿ, ಪಾದಗಳನ್ನು ಹೊರಕ್ಕೆ ಬೀಳಲು ಬಿಟ್ಟರು. ಹೀಗೆ ಪಾದ ಹೊರಕ್ಕೆ ಬಿದ್ದಾಗ ಸೊಂಟದ ಕೀಲು ಒಳಕ್ಕೆ ತಿರುಗುತ್ತದೆ. ಬಲಗಾಲು ಸುಮಾರು 40 ಡಿಗ್ರಿ ವಾಲಿತು. ಎಡಗಾಲು ನೆಟ್ಟಗೆ ನಿಂತಲ್ಲೇ ನಿಂತಿತು.

ಇಷ್ಟಕ್ಕೆ ಯಂತ್ರ ಬೇಕಿಲ್ಲ, ಎರಡು ನಿಮಿಷ ಸಾಕು, ಪ್ರಾಥಮಿಕ ಆರೋಗ್ಯ ಕೇಂದ್ರದ ಮಂಚದ ಮೇಲೂ ಆಗುತ್ತದೆ. ಒಂದೇ ಎಚ್ಚರಿಕೆ: ಕಾಲು ಊರಿ ನಿಲ್ಲಲೂ ಆಗದ ಮಗುವಿನಲ್ಲಿ ಈ ಪರೀಕ್ಷೆ ಮಾಡಬಾರದು. ಮನೆಯವರು ಕಾಲನ್ನು ಹಿಡಿದು ತಿರುಗಿಸಿ ನೋಡುವುದೂ ಬೇಡ. ಅವರು ಗಮನಿಸಬಹುದಾದದ್ದು ಬೇರೆ ಇದೆ. ಮಗು ನಡೆಯುವಾಗ ಒಂದು ಪಾದ ಮಾತ್ರ ಹೊರಕ್ಕೆ ತಿರುಗಿರುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಆ ಬದಿಯ ಮಂಡಿ ಮುಂದಕ್ಕೆ ಬರದೆ ಪಕ್ಕಕ್ಕೆ ವಾಲುತ್ತದೆ. ಹಾಗೆ ಕೂರಲು ಕಷ್ಟವಾಗಿ ಪಾಶ್ಚಾತ್ಯ ಕಮೋಡ್ ಇರುವ ಕಡೆಯೇ ಹೋಗಲು ಹುಡುಕುವ ಮಕ್ಕಳಿದ್ದಾರೆ. ಚಕ್ಕಳಮಕ್ಕಳ ಹಾಕಿ ಕೂರುವುದರಲ್ಲಿ ಕಾಲು ಹೊರಕ್ಕೇ ತಿರುಗುವುದರಿಂದ, ಸ್ವಲ್ಪ ಜಾರಿದ ಮಗುವಿಗೂ ಅದು ಸಾಧ್ಯವಾಗಬಹುದು. ನೆಲದ ಮೇಲೆ ಊಟಕ್ಕೆ ಕೂರುತ್ತಾನೆ, ಆದ್ದರಿಂದ ಸೊಂಟ ಸರಿಯಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಳವಣಿಗೆಯ ನೋವು ಎಂದು ಕರೆಯುವ ಇನ್ನೊಂದು ಇದೆ. ಅದು ಸಾಮಾನ್ಯವಾಗಿ ಇನ್ನೂ ಚಿಕ್ಕ ಮಕ್ಕಳಿಗೆ, ಸಂಜೆ ಅಥವಾ ರಾತ್ರಿ, ಎರಡೂ ಕಾಲಿನಲ್ಲಿ ಬರುತ್ತದೆ. ಬೆಳಿಗ್ಗೆ ಎದ್ದ ಮಗು ಓಡಾಡಿಕೊಂಡಿರುತ್ತದೆ, ಕುಂಟುವುದಿಲ್ಲ. ಕುಂಟುವ ಮಗುವಿಗೆ ಆ ಹೆಸರು ಕೊಡುವಂತಿಲ್ಲ.

ಎಕ್ಸ್‌ರೇಯಲ್ಲೂ ಎಡವಲು ಜಾಗವಿದೆ. ಮಂಡಿಯ ಎಕ್ಸ್‌ರೇ ನಾರ್ಮಲ್ ಎಂದು ಬಂದದ್ದು ಸರಿಯಾಗಿಯೇ ಬಂದಿತ್ತು, ಕೇಳಿದ್ದು ತಪ್ಪು ಜಾಗವನ್ನು. ತೆಗೆಸಬೇಕಾದ್ದು ಸೊಂಟದ ಎಲುಬು, ಎರಡೂ ಬದಿ ಒಂದೇ ಚಿತ್ರದಲ್ಲಿ ಬರುವಂತೆ, ಅದೂ ಎರಡು ಭಂಗಿಗಳಲ್ಲಿ. ಒಂದು ಮುಂದಿನಿಂದ. ಇನ್ನೊಂದು, ಮಂಡಿ ಮಡಚಿ ತೊಡೆಗಳನ್ನು ಕಪ್ಪೆಯ ಹಾಗೆ ಅಗಲಿಸಿ. ಗುಂಡು ಮೊದಲು ಜಾರುವುದು ಹಿಂದಕ್ಕೆ. ಮುಂದಿನಿಂದ ತೆಗೆದ ಚಿತ್ರದಲ್ಲಿ ಹಿಂದಕ್ಕೆ ಸರಿದದ್ದು ಸರಿಯಾಗಿ ಕಾಣದು, ಆರಂಭದ ಹಂತದಲ್ಲಿ ಆ ಒಂದೇ ಚಿತ್ರ ನಾರ್ಮಲ್ ಅನ್ನಿಸಿಬಿಡಬಹುದು. ಎರಡನೆಯ ಭಂಗಿಯಲ್ಲಿ ಎದ್ದು ಕಾಣುತ್ತದೆ. ಕಾಲೂರಲಾಗದ ಮಗುವಿಗೆ ಮಾತ್ರ ಕಾಲು ಅಗಲಿಸದೆ, ಪಕ್ಕದಿಂದ ಬೇರೆ ರೀತಿಯಲ್ಲಿ ಚಿತ್ರ ತೆಗೆಯಬೇಕು. ಓದುವ ಕ್ರಮ ಸರಳ. ಮುಂದಿನ ಚಿತ್ರದಲ್ಲಿ ಕತ್ತಿನ ಮೇಲಂಚಿನುದ್ದಕ್ಕೂ ಒಂದು ಗೆರೆ ಎಳೆದರೆ ಅದು ಗುಂಡಿನ ಒಂದು ಚೂರನ್ನು ಕತ್ತರಿಸಿಕೊಂಡು ಹೋಗಬೇಕು. ಗುಂಡು ಗೆರೆಯ ಕೆಳಗೇ ಉಳಿದರೆ, ಅಥವಾ ಇನ್ನೊಂದು ಬದಿಗಿಂತ ಕಡಿಮೆ ಕತ್ತರಿಸಿದರೆ, ಜಾರಿದೆ. ನಮ್ಮ ಹುಡುಗನ ಎಡಬದಿಯಲ್ಲಿ ಗೆರೆ ಗುಂಡನ್ನು ಮುಟ್ಟಿಯೂ ಇರಲಿಲ್ಲ. ಜಾರಿದ ಕೋನ ಇನ್ನೊಂದು ಬದಿಗಿಂತ 35 ಡಿಗ್ರಿ ಹೆಚ್ಚಿತ್ತು. 30ರ ಒಳಗೆ ಸ್ವಲ್ಪ, 30ರಿಂದ 50 ಮಧ್ಯಮ, 50 ದಾಟಿದರೆ ತೀವ್ರ ಎಂದು ಲೆಕ್ಕ.

ಎಕ್ಸ್‌ರೇ ಫಿಲ್ಮು ನೋಡಿದ ಡಾಕ್ಟರು ಅಪ್ಪನಿಗೆ ಹೇಳಿದ ಮೊದಲ ಮಾತು, "ಇನ್ನು ಒಂದು ಹೆಜ್ಜೆನೂ ನಡೆಸಬೇಡಿ." ಗಾಲಿಕುರ್ಚಿ ತರಿಸಿದರು, ಅವತ್ತೇ ದಾಖಲು ಮಾಡಿಕೊಂಡರು. ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಮೂರು ತಿಂಗಳಿಂದ ನಡೆದುಕೊಂಡೇ ಇದ್ದಾನಲ್ಲ ಸಾರ್, ದಸರಾ ರಜೆ ಬರಲಿ, ಆಗ ಬರ್ತೀವಿ ಎಂದ. ಈ ಮಾತು ಬಹಳ ಮನೆಗಳಲ್ಲಿ ಬರುತ್ತದೆ, ಆದ್ದರಿಂದ ಆತುರಕ್ಕೆ ಕಾರಣವೇನೆಂದು ಬಿಡಿಸಿ ಹೇಳಬೇಕು.

ತೊಡೆಮೂಳೆಯ ಗುಂಡಿಗೆ ರಕ್ತ ಬರುವುದು ಮುಖ್ಯವಾಗಿ ಕತ್ತಿನ ಹಿಂಬದಿಗೆ ಅಂಟಿಕೊಂಡು ಹತ್ತುವ ಸಣ್ಣ ನಾಳಗಳಿಂದ. ನಿಧಾನಕ್ಕೆ ಜಾರುತ್ತಿರುವಾಗ ಅವು ಹೊಂದಿಕೊಳ್ಳುತ್ತವೆ. ಈಗಾಗಲೇ ಸಡಿಲವಾದ ಪದರ ಬಚ್ಚಲುಮನೆಯಲ್ಲಿ ಕಾಲು ಜಾರಿಯೋ ಬಸ್ಸು ಇಳಿಯುವಾಗಲೋ ಒಮ್ಮೆಗೇ ಪೂರ್ತಿ ಕಳಚಿಕೊಂಡರೆ ನಾಳಗಳು ಹಿಂಡಿಹೋಗುತ್ತವೆ, ಹರಿಯಲೂಬಹುದು. ರಕ್ತವಿಲ್ಲದ ಗುಂಡು ಸತ್ತು, ತಿಂಗಳುಗಳಲ್ಲಿ ಕುಸಿಯುತ್ತದೆ. ಇದನ್ನೇ ಅಳೆದು ತೋರಿಸಿದವರು ಅಮೆರಿಕದ ಮಕ್ಕಳ ಮೂಳೆತಜ್ಞ ರ‍್ಯಾಂಡಲ್ ಲೋಡರ್. ಅವರ ತಂಡ 1993ರಲ್ಲಿ 55 ಸೊಂಟಗಳನ್ನು ಒಂದೇ ಪ್ರಶ್ನೆಯ ಮೇಲೆ ಎರಡಾಗಿ ವಿಂಗಡಿಸಿತು: ಊರುಗೋಲು ಹಿಡಿದಾದರೂ ಮಗು ಆ ಕಾಲಿನ ಮೇಲೆ ನಿಲ್ಲಬಲ್ಲದೇ? ನಿಲ್ಲಬಲ್ಲ 25 ಸೊಂಟಗಳಲ್ಲಿ ಒಂದರ ಗುಂಡೂ ಸಾಯಲಿಲ್ಲ. ನಿಲ್ಲಲಾಗದ 30ರಲ್ಲಿ 14 ಸತ್ತವು, ಶೇಕಡಾ 47. ಮುಂದಿನ ಅಧ್ಯಯನಗಳಲ್ಲಿ ಅಂಕಿ ಹೆಚ್ಚುಕಡಿಮೆಯಾಗಿದೆ, ಅಂತರ ಮಾತ್ರ ಉಳಿದುಕೊಂಡಿದೆ. ಅಪ್ಪನ ಪಕ್ಕ ಕುಂಟಿಕೊಂಡಾದರೂ ನಡೆದು ಬಂದ ಹುಡುಗ ಇನ್ನೂ ಮೊದಲ ಗುಂಪಿನಲ್ಲಿದ್ದ. ದಸರೆಯವರೆಗೆ ಅಲ್ಲೇ ಇರುತ್ತಾನೆ ಎಂದು ಯಾರೂ ಬರೆದುಕೊಡಲಾರರು.

ಜಾರಿದ್ದನ್ನು ಎಳೆದು ಕೂರಿಸಿಬಿಡಿ ಎಂದು ಕೇಳುವವರಿಗೂ ಉತ್ತರ ಈ ನಾಳಗಳಲ್ಲೇ ಇದೆ. ಹಲವು ವಾರದಿಂದ ಜಾರುತ್ತಾ ಬಂದ ಮೂಳೆಯನ್ನು ಬಲವಂತವಾಗಿ ಹಿಂದಕ್ಕೆ ತಳ್ಳಿದರೆ, ಕಾಯಿಲೆ ಮುಟ್ಟದೆ ಬಿಟ್ಟ ನಾಳವನ್ನು ಚಿಕಿತ್ಸೆ ಹರಿಯುತ್ತದೆ. ನಾಟಿ ವೈದ್ಯರ ಬಳಿ ಕಾಲು ಎಳೆಸುವುದು, ಜಗ್ಗಿ ತಿರುಗಿಸಿ ಕಟ್ಟು ಹಾಕಿಸುವುದು ಈ ಮಕ್ಕಳಿಗೆ ಏಕೆ ಬೇಡವೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಆಸ್ಪತ್ರೆಯಲ್ಲೂ ಹೆಚ್ಚಿನ ಮಕ್ಕಳಿಗೆ ಮಾಡುವುದು ಜಾರಿದ ಸ್ಥಿತಿಯಲ್ಲೇ ನಿಲ್ಲಿಸಿ ಒಂದು ಸ್ಕ್ರೂ ಹಾಕುವುದು. ಮಗುವಿಗೆ ಪ್ರಜ್ಞೆ ತಪ್ಪಿಸಿ, ತೊಡೆಯ ಮುಂಬದಿಯಲ್ಲಿ ಬೆರಳಗಲದ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತಾ ಕತ್ತಿನೊಳಗಿಂದ ಗುಂಡಿನ ನಟ್ಟನಡುವಿಗೆ ತಂತಿ ತೂರಿಸಿ, ಅದರ ಮೇಲೆ ಆರೂವರೆ ಅಥವಾ ಏಳು ಮಿಲಿಮೀಟರ್ ದಪ್ಪದ ಪೊಳ್ಳು ಸ್ಕ್ರೂ ಬಿಗಿಯುತ್ತಾರೆ. ಅದರ ತುದಿ ಗುಂಡನ್ನು ತೂರಿ ಕೀಲಿನೊಳಗೆ ಇಣುಕಬಾರದು. ಇಣುಕಿದರೆ ಕೀಲಿನ ನುಣುಪು ಪದರ ಸವೆದು ಸೊಂಟ ಬಿಗಿಯುತ್ತದೆ. ಆದ್ದರಿಂದ ಕೊನೆಯಲ್ಲಿ ಕಾಲನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಪರದೆಯ ಮೇಲೆ ಪರೀಕ್ಷಿಸಿಯೇ ಗಾಯ ಹೊಲಿಯುತ್ತಾರೆ. ಬಹಳ ಜಾರಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ನಾಳಗಳನ್ನು ಕಾಪಾಡಿಕೊಂಡು ಗುಂಡನ್ನು ಜಾಗಕ್ಕೆ ತರುವ ವಿಧಾನವಿದೆ. ಅದು ಕೆಲವೇ ಕೇಂದ್ರಗಳಲ್ಲಿ, ಪಳಗಿದ ಕೈಗಳಲ್ಲಿ ಮಾತ್ರ ಆಗುವಂಥದ್ದು, ಅಪಾಯವೂ ಇರುವಂಥದ್ದು.

ಬೇಗ ಸಿಕ್ಕರೆ ಲಾಭ ಇರುವುದು ಇಲ್ಲೇ. ಸ್ಕ್ರೂ ಮುಂದಿನ ಜಾರುವಿಕೆಯನ್ನು ತಡೆಯುತ್ತದೆ, ಆಗಲೇ ಆದದ್ದನ್ನು ನೆಟ್ಟಗೆ ಮಾಡುವುದಿಲ್ಲ. ಜೂನ್‌ನಲ್ಲೇ ಗೊತ್ತಾಗಿದ್ದರೆ ಹುಡುಗನ ಕೋನ ಬಹುಶಃ 35ಕ್ಕಿಂತ ಬಹಳ ಕಡಿಮೆ ಇರುತ್ತಿತ್ತು, ಅವನು ಹೆಚ್ಚುಕಡಿಮೆ ಸಾಮಾನ್ಯವಾದ ಸೊಂಟದೊಂದಿಗೆ ದೊಡ್ಡವನಾಗುತ್ತಿದ್ದ. ಈಗ ಪಾದ ಸ್ವಲ್ಪ ಹೊರಕ್ಕೇ ಇರುತ್ತದೆ, ಆಳವಾಗಿ ಮಡಚಿದಾಗ ಕತ್ತು ಗುಳಿಯ ಅಂಚಿಗೆ ಉಜ್ಜುತ್ತದೆ, ನಡುವಯಸ್ಸಿಗೆ ಮೊದಲೇ ಕೀಲು ಸವೆಯುವ ಸಂಭವ ಇದೆ.

ಸ್ಕ್ರೂ ಹಾಕಿದ ಮೇಲೆ ಅವನು ಸುಮಾರು 6 ವಾರ ಊರುಗೋಲಿನ ಮೇಲೆ ನಡೆದ. ಪದರ ಬೆಸೆಯುವವರೆಗೂ ಓಟ, ಜಿಗಿತದ ಆಟ ಬೇಡವೆಂದರು. ಸ್ಕ್ರೂವನ್ನು ಬೆಳವಣಿಗೆ ಮುಗಿಯುವ ಮುಂಚೆ ತೆಗೆಸುವಂತಿಲ್ಲ. ತೂಕ ಇಳಿಸುವ ಮಾತು ಈಗ ಸರಿಯಾದ ಜಾಗಕ್ಕೆ ಬಂತು: ಊಟದ ಕ್ರಮದಿಂದ ಶುರುಮಾಡಿ, ಕಾಲೂರಲು ಅನುಮತಿ ಸಿಕ್ಕಮೇಲೆ ಈಜು, ಸೈಕಲ್ಲು.

ರಕ್ತಪರೀಕ್ಷೆಯನ್ನೂ ಮಾಡಿಸಿದರು. ಥೈರಾಯ್ಡ್ ಕೊರತೆ, ಪಿಟ್ಯುಟರಿ ಗ್ರಂಥಿಯ ತೊಂದರೆ, ಮೂತ್ರಪಿಂಡದ ಕಾಯಿಲೆ ಇವೂ ಪದರವನ್ನು ಸಡಿಲಗೊಳಿಸುತ್ತವೆ. ವಯಸ್ಸು 10ಕ್ಕಿಂತ ಕಡಿಮೆ ಅಥವಾ 16ಕ್ಕಿಂತ ಹೆಚ್ಚಿದ್ದರೆ, ಮಗು ಸಣಕಲಾಗಿದ್ದರೆ ಅಥವಾ ವಯಸ್ಸಿಗೆ ಕುಳ್ಳಗಿದ್ದರೆ ಇವನ್ನು ಹುಡುಕಲೇಬೇಕು. ದಪ್ಪ ಮಕ್ಕಳಿಗೆ ಮಾತ್ರ ಬರುವ ಕಾಯಿಲೆ ಎಂದು ತಿಳಿದರೆ ಈ ಮಕ್ಕಳು ತಪ್ಪಿಹೋಗುತ್ತಾರೆ. ನಮ್ಮಲ್ಲಿ ವಿಟಮಿನ್ ಡಿ ಕೊರತೆಯನ್ನೂ ನೋಡುವುದು ಒಳ್ಳೆಯದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 2013ರಲ್ಲಿ ಈ ಕೊರತೆಯ ಜೊತೆ ಸೊಂಟ ಜಾರಿದ್ದ 15 ಪ್ರಕರಣಗಳನ್ನು ವರದಿ ಮಾಡಿದ್ದಾರೆ.

ಮನೆಗೆ ಕಳಿಸುವ ದಿನ ಡಾಕ್ಟರು ಹೆಚ್ಚು ಹೊತ್ತು ಮಾತಾಡಿದ್ದು ಬಲಗಾಲಿನ ಬಗ್ಗೆ. ಒಂದು ಬದಿ ಜಾರಿದ ಮಕ್ಕಳಲ್ಲಿ ಕಡಿಮೆಯೆಂದರೆ ಐವರಲ್ಲಿ ಒಬ್ಬರಿಗೆ ಇನ್ನೊಂದು ಬದಿಯೂ ಜಾರುತ್ತದೆ, ಹೆಚ್ಚಾಗಿ ಒಂದೂವರೆ ವರ್ಷದೊಳಗೆ. ಚಿಕ್ಕ ವಯಸ್ಸಿನವರಿಗೆ, ಗ್ರಂಥಿಗಳ ತೊಂದರೆ ಇರುವವರಿಗೆ ಮುಂಜಾಗ್ರತೆಯಾಗಿ ಆ ಬದಿಗೂ ಸ್ಕ್ರೂ ಹಾಕುತ್ತಾರೆ. ಎಲ್ಲರಿಗೂ ಹಾಕಬೇಕೇ ಎಂಬುದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಈ ಹುಡುಗನಿಗೆ ಹಾಕಲಿಲ್ಲ. ಮೂರು ತಿಂಗಳಿಗೊಮ್ಮೆ ಎರಡೂ ಸೊಂಟದ ಎಕ್ಸ್‌ರೇ, ಪದರ ಬೆಸೆಯುವವರೆಗೆ. "ನಡುವೆ ಬಲ ತೊಡೆಸಂದು, ಬಲ ತೊಡೆ, ಬಲ ಮಂಡಿ, ಯಾವುದು ನೋಯ್ತು ಅಂದ್ರೂ ತಾರೀಖಿಗೆ ಕಾಯಬೇಡಿ ಅಮ್ಮ, ನಡೆಸದೆ ಕರ್ಕೊಂಡು ಬನ್ನಿ. ಬೇರೆ ಊರಲ್ಲಿದ್ದರೆ ಅಲ್ಲಿಯ ಡಾಕ್ಟರಿಗೆ ಈ ಫಿಲ್ಮು ತೋರಿಸಿ, ಸೊಂಟದ ಎಕ್ಸ್‌ರೇ ತೆಗೀರಿ ಅಂತ ನೀವೇ ಕೇಳಿ." ತಾಯಿ ಅದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡಳು, ಒಂದು ಪ್ರತಿಯನ್ನು ಶಾಲೆಗೂ ಕೊಟ್ಟಳು.